ಬೈಕಿನ ಪೆಟ್ರೋಲ್ ಲೆಕ್ಕದ ಶೀಟ್: 591 ರೂಪಾಯಿ ಎಲ್ಲಿ ಹೋಯಿತು?

ಮೊದಲ ದಿನ

ದಿನಾ ಕೆಲಸಕ್ಕೆ ಹೋಗಿಬರಲು ಬೈಕಿಗೆ ತಿಂಗಳಿಗೆ ಎಷ್ಟು ಪೆಟ್ರೋಲ್ ಖರ್ಚು ಅಂತ ತಿಳಿಯಲು ಒಂದು ಶೀಟ್ ಮಾಡಿದೆ. ನಾಲ್ಕೇ ಸಂಖ್ಯೆ: ದಿನದ ಕಿಲೋಮೀಟರ್, ತಿಂಗಳಲ್ಲಿ ಓಡಿಸುವ ದಿನ, ಮೈಲೇಜ್, ಲೀಟರಿನ ಬೆಲೆ.

```
=B1*B2/B3*B4
```

ಮ್ಯಾಪಿನಲ್ಲಿ ಹೋಗಿಬರುವ ದೂರ 30 ಕಿ.ಮೀ. ಇತ್ತು. 24 ದಿನ. ಮೈಲೇಜ್ 55 ಅಂತ ಕೊಂಡಾಗ ಕೇಳಿದ್ದನ್ನೇ ಹಾಕಿದೆ. ಬೆಲೆಯನ್ನು ಇಲ್ಲಿ ಲೆಕ್ಕ ಸುಲಭವಾಗಲಿ ಅಂತ 100 ರೂಪಾಯಿ ಎಂದೇ ಇಟ್ಟುಕೊಳ್ಳುತ್ತೇನೆ. ಉತ್ತರ 1309 ರೂಪಾಯಿ ಬಂತು.

ತಿಂಗಳ ಕೊನೆ

ಬಂಕಿನ ಚೀಟಿಗಳನ್ನೆಲ್ಲ ಕೂಡಿದರೆ 1900 ಆಗಿದೆ. 591 ರೂಪಾಯಿ ವ್ಯತ್ಯಾಸ! ಸೂತ್ರ ಸರಿಯಾಗೇ ಇದೆ. ಹಾಗಾದರೆ ನಾನು ಹಾಕಿದ ಸಂಖ್ಯೆಗಳಲ್ಲೇ ಏನೋ ತಪ್ಪಿರಬೇಕು ಅಲ್ವಾ?

ಮೊದಲು ಅನುಮಾನ ಬಂದದ್ದು ಮೈಲೇಜ್ ಮೇಲೆ. ಅದೃಷ್ಟಕ್ಕೆ ಆ ತಿಂಗಳು ಪ್ರತಿ ಸಲವೂ ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಓಡಿದ ಕಿಲೋಮೀಟರ್ ಬರೆದಿಟ್ಟಿದ್ದೆ. ಶುರುವಿನ ಫುಲ್ ಟ್ಯಾಂಕ್ ಲೆಕ್ಕಕ್ಕೆ ಬರುವುದಿಲ್ಲ, ಅದು ಗುರುತು ಮಾತ್ರ. ಅದಾದ ಮೇಲಿನ ನಾಲ್ಕು ಹೀಗಿದ್ದವು:

```
212 km   4.6 L
198 km   4.9 L
226 km   4.7 L
204 km   4.8 L
```

ಮೊದಲನೆಯದಕ್ಕೆ 46 ಬರುತ್ತದೆ, ಎರಡನೆಯದಕ್ಕೆ 40. ಒಂದೇ ದಾರಿ, ಒಂದೇ ಬೈಕ್, ಒಂದೇ ವಾರದ ಅಂತರ. ಇಂಜಿನ್‌ನಲ್ಲೇ ಏನೋ ತೊಂದರೆ ಅಂತ ಗಾಬರಿಯಾಯಿತು. ಆಮೇಲೆ ನೆನಪಾಯಿತು: ಮೊದಲ ಸಲ ಬೈಕ್ ಸೈಡ್ ಸ್ಟ್ಯಾಂಡ್ ಮೇಲೆ ವಾಲಿಕೊಂಡಿತ್ತು, ನಾಝಲ್ ಬೇಗನೆ ಕಟ್ ಆಯಿತು. ಟ್ಯಾಂಕ್ ನಿಜಕ್ಕೂ ತುಂಬಿರಲಿಲ್ಲ. ಆ ಕೊರತೆ ಸುಮಾರು 300 ಎಂ.ಎಲ್. ಇರಬಹುದು. ಮುಂದಿನ ಸಲ ನೆಟ್ಟಗೆ ನಿಲ್ಲಿಸಿ ತುಂಬಿಸಿದಾಗ ಆ 300 ಕೂಡ ಅದರ ಲೆಕ್ಕಕ್ಕೆ ಸೇರಿತು. ಅದನ್ನು ಇದ್ದ ಜಾಗಕ್ಕೆ ವಾಪಸ್ ಹಾಕಿದರೆ ಎರಡೂ 43ರ ಹತ್ತಿರ ಬಂದು ನಿಲ್ಲುತ್ತವೆ.

ಹಾಗಾಗಿ ಒಂದು ಸಲದ ಮೈಲೇಜನ್ನು ನಂಬುವುದು ಬಿಟ್ಟೆ. ಒಟ್ಟು 840 ಕಿ.ಮೀ., ಒಟ್ಟು 19 ಲೀಟರ್, ಅಂದರೆ 44.2. ಹೀಗೆ ಕೂಡಿಸಿ ಭಾಗಿಸಿದರೆ ಮಧ್ಯದಲ್ಲಿ ಹೆಚ್ಚು ಕಡಿಮೆ ತುಂಬಿಸಿದ್ದು ತಾನಾಗೇ ಸರಿಹೋಗುತ್ತದೆ. ಶುರುವಿನ ಟ್ಯಾಂಕ್ ಮತ್ತು ಕೊನೆಯ ಟ್ಯಾಂಕ್ ಒಂದೇ ಮಟ್ಟಕ್ಕೆ ತುಂಬಿದ್ದರೆ ಸಾಕು. ಈಗ ಆ ಎರಡು ಸಲವಾದರೂ ಸೆಂಟರ್ ಸ್ಟ್ಯಾಂಡ್ ಹಾಕಿ, ಮೊದಲ ಕಟ್‌ಗೇ ನಿಲ್ಲಿಸುತ್ತೇನೆ.

55ರ ಬದಲು 44.2 ಹಾಕಿದೆ. 1309 ಇದ್ದದ್ದು 1629 ಆಯಿತು. 320 ರೂಪಾಯಿ ಸಿಕ್ಕಿತು.

ಎರಡು ದಿನ ಬಿಟ್ಟು

ಮುಂದಿನ ತಪ್ಪು ಹಿಡಿಯಲು ಜಾಸ್ತಿ ಹೊತ್ತು ಬೇಕಾಯಿತು. ಮ್ಯಾಪ್ 30 ಅನ್ನುವ ದಾರಿಯನ್ನು ನನ್ನ ಮೀಟರ್ 31.2 ಎಂದು ತೋರಿಸುತ್ತಿತ್ತು. ದಾರಿ ಅದೇ. ಮೀಟರೇ ನೂರಕ್ಕೆ ನಾಲ್ಕರಷ್ಟು ಜಾಸ್ತಿ ಓದುತ್ತಿದೆ.

ಹಾಗಾದರೆ ಮ್ಯಾಪಿನ ದೂರವೇ ಸರಿ, ಅದನ್ನೇ ಹಾಕೋಣ ಅನ್ನಿಸುತ್ತದೆ. ಆದರೆ ನನ್ನ 44.2 ಮೈಲೇಜ್ ಬಂದದ್ದು ಇದೇ ಮೀಟರಿನ ಕಿಲೋಮೀಟರ್‌ಗಳಿಂದ, ಅಂದರೆ ಅದೂ ಉಬ್ಬಿದ ಸಂಖ್ಯೆ. ದೂರವನ್ನೂ ಇದೇ ಮೀಟರಿನಿಂದ ತೆಗೆದುಕೊಂಡರೆ ಮೇಲೆ ಕೆಳಗೆ ಎರಡೂ ಕಡೆ ಒಂದೇ ತಪ್ಪು ಕೂತು, ಭಾಗಿಸುವಾಗ ಹೊಡೆದುಹೋಗುತ್ತದೆ. ಒಂದು ಮ್ಯಾಪಿನಿಂದ, ಇನ್ನೊಂದು ಮೀಟರಿನಿಂದ ತಂದರೆ ತಪ್ಪು ಹಾಗೇ ಉಳಿಯುತ್ತದೆ. ಇದು ಹೊಳೆದಾಗ ತುಂಬಾ ಖುಷಿಯಾಯಿತು.

31.2 ಹಾಕಿದೆ. 1694 ಬಂತು. ಇನ್ನೂ 65 ರೂಪಾಯಿ ಸಿಕ್ಕಿತು.

ಉಳಿದ 206

ಇದು ಸುಲಭ. 24 ದಿನದ ಓಡಾಟ ಮೀಟರಿನಲ್ಲಿ 749 ಕಿ.ಮೀ. ಆದರೆ ಬೈಕ್ ಓಡಿದ್ದು 840. ಮಿಕ್ಕ 91 ರಜೆ ದಿನದ ಸುತ್ತಾಟ, ಅದಕ್ಕೇ ಆ 206.

ಈಗಿನ ಶೀಟ್

ಮೈಲೇಜ್ ಮತ್ತು ಬೆಲೆಯ ಸಾಲು ಎರಡನ್ನೂ ತೆಗೆದೆ. ತಿಂಗಳ ಮಧ್ಯೆ ಬೆಲೆ ಬದಲಾದರೆ ಯಾವುದನ್ನು ಹಾಕುವುದು ಅನ್ನುವ ಗೊಂದಲವೂ ಹೋಯಿತು. ಕೊಟ್ಟ ಒಟ್ಟು ದುಡ್ಡನ್ನು ಓಡಿದ ಒಟ್ಟು ಕಿಲೋಮೀಟರಿಗೆ ಭಾಗಿಸುತ್ತೇನೆ: 1900 ಭಾಗಿಸು 840, ಕಿಲೋಮೀಟರಿಗೆ 2 ರೂಪಾಯಿ 26 ಪೈಸೆ. ದಿನಕ್ಕೆ 31.2 ಅಂದರೆ ಸುಮಾರು 70 ರೂಪಾಯಿ 60 ಪೈಸೆ. ಮುಂದಿನ ತಿಂಗಳ ಖರ್ಚು ಅಂದಾಜು ಮಾಡಬೇಕಾದಾಗ ಮಾತ್ರ ಹಳೆಯ ಸೂತ್ರಕ್ಕೆ 44.2 ಮತ್ತು ಅವತ್ತಿನ ಬೆಲೆ ಹಾಕುತ್ತೇನೆ.

ನಿನ್ನೆ ನೋಡಿದರೆ ಹಿಂದಿನ ಟೈರಿನಲ್ಲಿ ಗಾಳಿ ಸಾಕಷ್ಟು ಇಳಿದಿತ್ತು. ಹೇಳಿದ ಅಳತೆಗೆ ತುಂಬಿಸಿ, ಫುಲ್ ಟ್ಯಾಂಕ್ ಮಾಡಿಸಿ, ಮೀಟರ್ ಸೊನ್ನೆ ಮಾಡಿದ್ದೇನೆ. ಇನ್ನು ನಾಲ್ಕು ಟ್ಯಾಂಕ್ ಆಗುವವರೆಗೆ 44.2 ಅನ್ನು ಮುಟ್ಟುವುದಿಲ್ಲ.