ಏಪ್ರಿಲ್‌ನಲ್ಲಿ ಫ್ಯಾನ್ ಆಫ್ ಮಾಡಿಸಿದವಳು

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಅಂಥ ಒಂದು ಮಧ್ಯಾಹ್ನ ಆಫೀಸಿನಲ್ಲಿ ನಾನು ನನ್ನ ತಲೆ ಮೇಲಿನ ಫ್ಯಾನ್ ಆಫ್ ಮಾಡಿಸಿದೆ. ಪಕ್ಕದ ಮೇಜಿನ ಅಕ್ಕ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, "ನಿನಗೇನು ಹುಚ್ಚಾ?" ಅಂದರು. ನನಗೆ ನಿಜವಾಗಿಯೂ ಚಳಿಯಾಗುತ್ತಿತ್ತು.

ಆಗ ನನಗೆ 26. ಒಂದು ಸಹಕಾರ ಸೊಸೈಟಿಯಲ್ಲಿ ಸಾಲದ ಲೆಕ್ಕ ನೋಡಿಕೊಳ್ಳುವ ಕೆಲಸ. ಹಿಂದಿನ ದೀಪಾವಳಿ ಹೊತ್ತಿಗೆ 56 ಕೆಜಿ ಇದ್ದವಳು ಏಪ್ರಿಲ್‌ಗೆ 63 ಆಗಿದ್ದೆ. ಮೊದಲು ಗೊತ್ತಾಗಿದ್ದು ನನಗಲ್ಲ, ಟೈಲರ್ ಆಂಟಿಗೆ. ಚೂಡಿದಾರದ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಿ ಅಂದಾಗ, "ಮೂರು ತಿಂಗಳಲ್ಲಿ ಎರಡನೇ ಸಲ ಕಣೇ, ಇನ್ನು ಒಳಗೆ ಬಟ್ಟೆ ಉಳಿದಿಲ್ಲ" ಅಂದರು.

ಅಮ್ಮನಿಗೆ ಕಾರಣ ಸ್ಪಷ್ಟವಾಗಿತ್ತು. ಕೂತು ಮಾಡೋ ಕೆಲಸ, ಸಂಜೆ ಮಂಡಕ್ಕಿ ಮಿರ್ಚಿ. ನಾನೂ ಒಪ್ಪಿಕೊಂಡೆ. ಮಿರ್ಚಿ ಬಿಟ್ಟೆ, ರಾತ್ರಿ ಅನ್ನ ಬಿಟ್ಟು ಒಂದೂವರೆ ಜೋಳದ ರೊಟ್ಟಿಗೆ ಬಂದೆ. ಬೆಳಿಗ್ಗೆ ವಾಕಿಂಗ್ ಅಂತ ಹೊರಟರೆ ಎರಡನೇ ಸುತ್ತಿಗೆ ಕಾಲಿಗೆ ಮರಳಿನ ಚೀಲ ಕಟ್ಟಿದ ಹಾಗಾಗುತ್ತಿತ್ತು. ಮನೆಗೆ ಬಂದು ಸೋಫಾದಲ್ಲಿ ಕೂತರೆ ಅಲ್ಲೇ ನಿದ್ದೆ. ರಾತ್ರಿ ಒಂಬತ್ತು ಗಂಟೆ ಮಲಗಿದ್ದರೂ ಎದ್ದಾಗ ಮಲಗೇ ಇಲ್ಲ ಅನ್ನೋ ಥರ. ತಿನ್ನೋದು ಕಡಿಮೆಯಾದರೂ ತೂಕದ ಮುಳ್ಳು ಮೇಲೇ ಹೋಗುತ್ತಿತ್ತು. ದೊಡ್ಡಮ್ಮ ಬಂದಾಗಲೆಲ್ಲ, "ಗಂಡು ನೋಡೋ ಹೊತ್ತಲ್ಲಿ ಹೀಗಾದ್ರೆ ಹೆಂಗವ್ವಾ" ಅನ್ನುತ್ತಿದ್ದರು. ಕದ್ದು ಏನಾದರೂ ತಿಂತೀನಾ ಅಂತ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು.

ಜನವರಿಯಲ್ಲಿ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಸುಸ್ತು ಅಂದೆ, ರಕ್ತ ತೆಗೆದರು. ಹಿಮೋಗ್ಲೋಬಿನ್ 9.8. "ರಕ್ತ ಕಡಿಮೆ ಇದೆ, ಅದಕ್ಕೇ ಸುಸ್ತು" ಅಂತ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದು ಸುಳ್ಳೇನಲ್ಲ. ಆದರೆ ರಕ್ತ ಯಾಕೆ ಕಡಿಮೆಯಾಯಿತು ಅಂತ ಅವರು ಕೇಳಲಿಲ್ಲ. ಎರಡು ಮೂರು ತಿಂಗಳಿಂದ ಮುಟ್ಟು ಏಳೆಂಟು ದಿನ ನಿಲ್ಲುತ್ತಿರಲಿಲ್ಲ, ಹೋಗೋದೂ ಜಾಸ್ತಿ. ನಾನಾಗಿ ಹೇಳಲೂ ಇಲ್ಲ. ಸುಸ್ತಿಗೂ ಅದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ಕಬ್ಬಿಣದ ಮಾತ್ರೆಯಿಂದ ಮೊದಲೇ ಇದ್ದ ಮಲಬದ್ಧತೆ ಇನ್ನೂ ಹೆಚ್ಚಾಯಿತು, ಅಷ್ಟೇ.

ಮಾರ್ಚ್ ಕೊನೆಯಲ್ಲಿ ದನಿ ಬದಲಾಯಿತು. ಕಂತು ಬಾಕಿ ಇದ್ದವರಿಗೆ ಫೋನ್ ಮಾಡೋದು ನನ್ನ ಕೆಲಸ. ಒಬ್ಬ ರೈತರು, "ಆಯ್ತು ಸರ್, ಸೋಮವಾರ ಕಟ್ತೀನಿ ಸರ್" ಅಂದರು. ನೆಗಡಿ ಇರಬೇಕು ಅಂದುಕೊಂಡೆ. ಅದೇ ವಾರ ಇನ್ನೂ ಇಬ್ಬರು ಸರ್ ಅಂದರು. ನೆಗಡಿ ಇರಲಿಲ್ಲ.

ಫ್ಯಾನ್ ಆಫ್ ಮಾಡಿಸಿದ ದಿನ ಸಂಜೆ ಪಕ್ಕದ ಮೇಜಿನ ಅಕ್ಕನೇ ನನ್ನನ್ನು ಅವರಿಗೆ ಗೊತ್ತಿದ್ದ ಇನ್ನೊಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅರವತ್ತು ದಾಟಿದ ಹೆಂಗಸು. ನನ್ನ ಮಾತು ಕೇಳುವ ಮೊದಲು ಮುಖವನ್ನೇ ನೋಡುತ್ತಾ ಕೂತರು. "ಕಣ್ಣಿನ ಸುತ್ತ ಯಾವಾಗಿಂದ ಹೀಗೆ ಊದಿದೆ?" ಅಂದರು. ನಿದ್ದೆ ಜಾಸ್ತಿ ಮೇಡಂ ಅಂದೆ. ನಾಡಿ ಹಿಡಿದರು, ನಿಮಿಷಕ್ಕೆ 56 ಮಾತ್ರ. ಆಮೇಲೆ ಕುರ್ಚಿಯ ಮೇಲೆ ಮೊಣಕಾಲೂರಿ ಪಾದ ಹಿಂದಕ್ಕೆ ಇಳಿಬಿಡಲು ಹೇಳಿದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯಿಂದ ಟಕ್ ಅಂತ ಒಂದು ಹೊಡೆದರು. ನನಗೆ ಕಾಣಲಿಲ್ಲ, ಅಕ್ಕ ನೋಡಿದರು. ಪಾದ ಚಟ್ ಅಂತ ಚಿಮ್ಮಿತಂತೆ. ವಾಪಸ್ ಬರುವಾಗ ಮಾತ್ರ ಯೋಚನೆ ಮಾಡಿಕೊಂಡು ಬಂದ ಹಾಗೆ ನಿಧಾನವಾಗಿ ಇಳಿಯಿತಂತೆ. "ನೋಡಿದ್ರಾ?" ಅಂತ ಡಾಕ್ಟರ್ ಅಕ್ಕನಿಗೆ ಹೇಳಿ ಇನ್ನೊಂದು ಸಲ ಹೊಡೆದು ತೋರಿಸಿದರು. ಏನೋ ಆಟಿಕೆ ತೋರಿಸೋ ಹಾಗೆ. ಚಳಿ, ದನಿ, ಮಲಬದ್ಧತೆ, ಮುಟ್ಟು ಎಲ್ಲವನ್ನೂ ಅವರೇ ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಹೌದು ಅನ್ನುತ್ತಾ ಹೋದ ನನಗೆ, ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ್ದವು ಅಂತ ಆಗ ಗೊತ್ತಾಯಿತು.

ಮರುದಿನ ರಿಪೋರ್ಟ್ ಬಂತು. ಟಿಎಸ್‌ಎಚ್ 78. ಇರಬೇಕಾದದ್ದು ನಾಲ್ಕರ ಆಸುಪಾಸಿನ ಒಳಗೆ. ಫ್ರೀ ಟಿ4 ಮಾತ್ರ ತೀರಾ ಕಡಿಮೆ, 0.4. ಒಂದು ಅಷ್ಟು ಜಾಸ್ತಿ, ಇನ್ನೊಂದು ಇಷ್ಟು ಕಡಿಮೆ ಯಾಕೆ ಅಂತ ನನಗೆ ಗೊಂದಲ. ಡಾಕ್ಟರ್ ವಿವರಿಸಿದ್ದು ನನಗೆ ನಮ್ಮ ಸೊಸೈಟಿ ಭಾಷೆಯಲ್ಲೇ ಅರ್ಥವಾಯಿತು. ಟಿ4 ಅಂದರೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಕಟ್ಟಬೇಕಾದ ಕಂತು. ಟಿಎಸ್‌ಎಚ್ ಅಂದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಕಳಿಸುವ ನೋಟಿಸ್. ಕಂತು ಬರದಿದ್ದರೆ ನೋಟಿಸ್ ಮೇಲೆ ನೋಟಿಸ್. 78 ಅಂದರೆ ಆ ಕಡೆ ಕೊಡುವ ಶಕ್ತಿಯೇ ಉಳಿದಿಲ್ಲ ಅಂತ. ಇನ್ನೊಂದು ಪರೀಕ್ಷೆಯಲ್ಲಿ, ನನ್ನ ದೇಹದ ರಕ್ಷಣಾ ಪಡೆಯೇ ಆ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ ಅನ್ನುವುದಕ್ಕೂ ಸಾಕ್ಷಿ ಸಿಕ್ಕಿತು. ಅದಕ್ಕೆ ಹಾಶಿಮೋಟೊ ಅಂತ ಹೆಸರು. ಅಮ್ಮ, "ಅಯೋಡಿನ್ ಉಪ್ಪು ಜಾಸ್ತಿ ಹಾಕಲಾ?" ಅಂತ ಕೇಳಿದರು. ಬೇಡ, ಇದು ಅಯೋಡಿನ್ ಕೊರತೆಯಿಂದ ಬಂದದ್ದಲ್ಲ ಅಂದರು ಡಾಕ್ಟರ್.

ತೂಕದ ಬಗ್ಗೆ ಕೇಳಿದೆ. ಅವರು ಸುಮ್ನೆ ಆಸೆ ಹುಟ್ಟಿಸಲಿಲ್ಲ. "ಇದರಿಂದ ಏರೋದು ಸಾಮಾನ್ಯವಾಗಿ ಕೆಲವೇ ಕೆಜಿ ಕಣಮ್ಮ. ಅದರಲ್ಲೂ ಬಹಳಷ್ಟು ಉಪ್ಪು, ನೀರು. ಏಳು ಕೆಜಿಯೂ ಮಾತ್ರೆಯಿಂದ ಇಳಿಯುತ್ತೆ ಅಂದುಕೋಬೇಡ." ಮುಟ್ಟು ಜಾಸ್ತಿಯಾಗಿದ್ದೂ ಥೈರಾಯ್ಡ್‌ನಿಂದ ಇರಬೇಕು, ರಕ್ತ ಕಡಿಮೆಯಾಗಿದ್ದು ಅದರಿಂದ ಅಂದರು. ಜನವರಿಯಲ್ಲಿ ನಾವು ಕಾಲುವೆಯ ಕೊನೆಯಲ್ಲಿ ನೀರು ಕಡಿಮೆ ಅಂತಷ್ಟೇ ನೋಡಿ, ಮೇಲೆ ಏನಾಗಿದೆ ಅಂತ ನೋಡದೆ ವಾಪಸ್ ಬಂದ ಹಾಗಾಗಿತ್ತು.

ಗ್ರಂಥಿ ಕಟ್ಟದ ಟಿ4 ಕಂತನ್ನೇ ಹೊರಗಿನಿಂದ ತುಂಬುವ ಮಾತ್ರೆ ಬರೆದುಕೊಟ್ಟರು: ದಿನಕ್ಕೆ 100 ಮೈಕ್ರೋಗ್ರಾಂ ಥೈರಾಕ್ಸಿನ್, ಬರೀ ಹೊಟ್ಟೆಗೆ. ಆರು ವಾರ ಬಿಟ್ಟು ಮತ್ತೆ ರಕ್ತ. ಒಂದು ದಿನ ತಪ್ಪಿಸಲಿಲ್ಲ. ಬೆಳಿಗ್ಗೆ ಎದ್ದು ಎರಡೂ ಮಾತ್ರೆ ಒಟ್ಟಿಗೆ ನುಂಗಿ, ಕಾಫಿ ಕುಡಿದು ಹೊರಡುತ್ತಿದ್ದೆ. ಆರು ವಾರದ ನಂತರ ಟಿಎಸ್‌ಎಚ್ 41. ಇಳಿದಿತ್ತು, ಆದರೆ ಇಳಿಯಬೇಕಾದಷ್ಟಲ್ಲ. ಡಾಕ್ಟರ್ ಪ್ರಮಾಣ ಹೆಚ್ಚಿಸಲಿಲ್ಲ. "ಬೆಳಿಗ್ಗೆ ಎದ್ದು ಏನೇನು ಮಾಡ್ತೀಯ, ಸಾಲಾಗಿ ಹೇಳು" ಅಂದರು. ಎರಡೂ ಮಾತ್ರೆ ಅಂದ ಕೂಡಲೇ ಕೈ ಎತ್ತಿ ನಿಲ್ಲಿಸಿದರು.

ಎರಡನೆಯದು ಅದೇ ಹಳೇ ಕಬ್ಬಿಣದ ಮಾತ್ರೆ. ಹೊಟ್ಟೆಯಲ್ಲಿ ಕಬ್ಬಿಣ ಥೈರಾಕ್ಸಿನ್ ಜೊತೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ಕ್ಯಾಲ್ಸಿಯಂ ಮಾತ್ರೆಯೂ ಹಾಗೇ. ನಡುವೆ ನಾಲ್ಕು ಗಂಟೆಯಾದರೂ ಬೇಕು. ಕಾಫಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಅಂದರೆ ದಿನಾ ನಿಯತ್ತಾಗಿ ನುಂಗಿದ ಮಾತ್ರೆಯಲ್ಲಿ ಬಹಳಷ್ಟನ್ನು ನಾನೇ ವ್ಯರ್ಥ ಮಾಡಿದ್ದೆ. ಬಿಡಿ, ಹೇಳುವವರು ಹೇಳಿರಲಿಲ್ಲ, ಕೇಳುವವಳು ಕೇಳಿರಲಿಲ್ಲ.

ಥೈರಾಕ್ಸಿನ್ ಬಾಟಲಿ ಹಲ್ಲುಜ್ಜುವ ಬ್ರಷ್ ಪಕ್ಕಕ್ಕೆ ಬಂತು, ಕಬ್ಬಿಣದ ಮಾತ್ರೆ ರಾತ್ರಿಗೆ ಹೋಯಿತು. ಮುಂದಿನ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 5.2. ಅಷ್ಟರಲ್ಲಿ ಕಣ್ಣಿನ ಸುತ್ತಲಿನ ಊತ ಇಳಿದಿತ್ತು, ಮಧ್ಯಾಹ್ನದ ತೂಕಡಿಕೆ ಹೋಗಿತ್ತು. ತೂಕ 59ಕ್ಕೆ ಬಂದು ಅಲ್ಲೇ ನಿಂತಿದೆ. ಟೈಲರ್ ಆಂಟಿ ಚೂಡಿದಾರದ ಒಂದು ಹೊಲಿಗೆ ವಾಪಸ್ ಹಾಕಿಕೊಟ್ಟರು. ಇನ್ನೊಂದನ್ನೂ ಹಾಕಲಾ ಅಂತ ಕೇಳಿದರು. ಸದ್ಯಕ್ಕೆ ಇರಲಿ ಆಂಟಿ ಅಂದೆ.