ಕೈಗೆ ಬಾರದ ಬಡ್ಡಿಗೆ ಬಂದ ನೋಟಿಸು

ಹಾಸನದ ವಿದ್ಯಾನಗರದಲ್ಲಿರುವ ದೊಡ್ಡಪ್ಪನವರಿಗೆ ಆದಾಯ ತೆರಿಗೆಯ ಮರುಪಾವತಿ ಏಕೆ ಬಂದಿಲ್ಲವೆಂದು ನೋಡಲು ಈ ವಾರ ಪೋರ್ಟಲ್ ತೆರೆದಾಗ, Pending Actions ಅಡಿಯ e-Proceedings ವಿಭಾಗದಲ್ಲಿ ಸೆಕ್ಷನ್ 139(9)ರ ನೋಟಿಸೊಂದು ಕಾದಿತ್ತು. ರಿಟರ್ನ್ ದೋಷಯುಕ್ತವಾಗಿದೆ, ಹದಿನೈದು ದಿನಗಳಲ್ಲಿ ಸರಿಪಡಿಸಿ ಎಂಬುದು ಅದರ ಸಾರ. ಗಡುವು ಮೀರಿದರೆ ರಿಟರ್ನನ್ನೇ ಸಲ್ಲಿಸಿಲ್ಲವೆಂದು ಪರಿಗಣಿಸಬಹುದಾದ್ದರಿಂದ ನನಗೆ ನಿಜಕ್ಕೂ ಗಾಬರಿಯಾಯಿತು. ಪುಣ್ಯಕ್ಕೆ ಗಡುವು ಇನ್ನೂ ಮುಗಿದಿರಲಿಲ್ಲ.

View Notice ಒತ್ತಿ ಓದಿದಾಗ ದೋಷ ಸ್ಪಷ್ಟವಾಯಿತು: ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾದ ತೆರಿಗೆಯನ್ನು ವಾಪಸು ಕೇಳಲಾಗಿದೆ, ಆದರೆ ಅದು ಕಡಿತವಾದ ಆದಾಯವನ್ನು ತೋರಿಸಿಲ್ಲ. ಬ್ಯಾಂಕಿನಲ್ಲಿ ಐದು ವರ್ಷಕ್ಕೆ ಇಟ್ಟ, ಬಡ್ಡಿಯನ್ನು ಅವಧಿಯ ಕೊನೆಗೇ ಕೊಡುವ ಸಂಚಿತ ಠೇವಣಿಯ ಮೇಲೆ 2024-25ರಲ್ಲಿ 84,000 ರೂಪಾಯಿ ಬಡ್ಡಿ ಸೇರಿತ್ತು; ಶೇ. 10ರಂತೆ 8,400 ರೂಪಾಯಿ ಕಡಿತವಾಗಿತ್ತು. ಕಡಿತದ ಮೊತ್ತ ರಿಟರ್ನಿನಲ್ಲಿ ಮೊದಲೇ ತುಂಬಿ ಬಂದಿತ್ತು, ಬಡ್ಡಿಯ ಸಾಲು ಮಾತ್ರ ಖಾಲಿ ಉಳಿದಿತ್ತು.

“ಬಡ್ಡಿ ನನ್ನ ಕೈಗೇ ಬಂದಿಲ್ಲವಲ್ಲಪ್ಪ, ಬರದ ದುಡ್ಡಿಗೆ ಲೆಕ್ಕ ಹೇಗೆ ಕೊಡಲಿ?” ಎಂದರು ದೊಡ್ಡಪ್ಪ. ಮೂವತ್ತು ವರ್ಷ ಮೇಷ್ಟರಾಗಿದ್ದು, ಹಾಲಿನವನ ಲೆಕ್ಕವನ್ನೂ ಬರೆದಿಡುವ ಮನುಷ್ಯ ಅವರು. ಈ ಪ್ರಶ್ನೆ ಅಂದಿನಿಂದ ನನ್ನ ಕಿವಿಯಲ್ಲೇ ಇದೆ, ಏಕೆಂದರೆ ಅದು ಹುರುಳಿಲ್ಲದ ಪ್ರಶ್ನೆಯಲ್ಲ. ಲೆಕ್ಕವನ್ನು ನಗದು ಪದ್ಧತಿಯಲ್ಲಿ ಇಡುವವರು ಬಡ್ಡಿಯನ್ನು ಕೈಗೆ ಬಂದ ವರ್ಷದಲ್ಲೇ ತೋರಿಸಬಹುದು. ಆದರೆ ಆಗ ಟಿಡಿಎಸ್ ಹಕ್ಕನ್ನೂ ಅದೇ ವರ್ಷಕ್ಕೆ ಮುಂದೂಡಬೇಕು. ಬಡ್ಡಿ ಆಮೇಲೆ, ಕಡಿತದ ವಾಪಸು ಈಗಲೇ ಎನ್ನುವಂತಿಲ್ಲ. ಅಲ್ಲದೆ ಐದು ವರ್ಷದ ಬಡ್ಡಿಯೆಲ್ಲ ಒಂದೇ ವರ್ಷದ ಆದಾಯಕ್ಕೆ ಸೇರಿದರೆ ಹೊರೆ ಹೆಚ್ಚು. ವರ್ಷವರ್ಷವೂ ತೋರಿಸುವುದೇ ಅವರಂಥವರಿಗೆ ಲೇಸೆಂಬುದು ನನ್ನ ಅಭಿಪ್ರಾಯ. ಪಿಂಚಣಿ 4,20,000 ರೂಪಾಯಿಗೆ ಈ ಬಡ್ಡಿ ಸೇರಿದರೂ, ಆ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ತೆರಿಗೆ ಶೂನ್ಯ. 8,400 ಪೂರ್ತಿ ವಾಪಸು ಬರಬೇಕಾದ ಹಣ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲಷ್ಟೇ ಅವರು ಒಪ್ಪಿದರು.

Submit Response ಒತ್ತಿದರೆ ದೋಷವನ್ನು ಒಪ್ಪುವಿರೋ ಇಲ್ಲವೋ ಎಂದು ಕೇಳುತ್ತದೆ. ಒಪ್ಪದಿದ್ದರೆ ಕಾರಣ ಬರೆಯಬೇಕು. ನಾವು ಒಪ್ಪಿ, ಬಡ್ಡಿಯನ್ನು ಇತರ ಮೂಲಗಳ ಆದಾಯದಲ್ಲಿ ಸೇರಿಸಿ, ಅದೇ ನೋಟಿಸಿಗೆ ಉತ್ತರವಾಗಿ ತಿದ್ದಿದ ರಿಟರ್ನ್ ಸಲ್ಲಿಸಿದೆವು.

ಈ ನೋಟಿಸು ದೊಡ್ಡಪ್ಪನವರ ಕಣ್ಣಿಗೇ ಬೀಳದಿರಲು ಕಾರಣ, ರಿಟರ್ನ್ ತುಂಬಿಕೊಟ್ಟವರು ಪೋರ್ಟಲಿನಲ್ಲಿ ತಮ್ಮದೇ ಇಮೇಲ್ ನಮೂದಿಸಿದ್ದುದು. ನೂರಾರು ಹಿರಿಯರ ಅಂಚೆ ತಮ್ಮ ಪೆಟ್ಟಿಗೆಗೆ ಬರುವಂತೆ ಮಾಡಿಕೊಂಡು, ಬಂದುದನ್ನು ತಿಳಿಸದಿರುವುದನ್ನು ನಾನು ಸಣ್ಣ ತಪ್ಪೆಂದು ಭಾವಿಸುವುದಿಲ್ಲ. ಪ್ರೊಫೈಲಿನಲ್ಲಿ ಈಗ ದೊಡ್ಡಪ್ಪನವರ ಮೊಬೈಲು, ಮಗಳ ಇಮೇಲು ಇವೆ.