ಫ್ರಿಜ್‌ನಲ್ಲಿಟ್ಟ ಡೋಸು

ಪೆಟ್ ಸ್ಕ್ಯಾನ್‌ಗೆ ಮುನ್ನ ಪೇಷೆಂಟ್‌ಗೆ ಚುಚ್ಚುವ ಎಫ್‌ಡಿಜಿ ಎಂದರೆ ವಿಕಿರಣಶೀಲ ಫ್ಲೋರಿನ್-18 ಅಂಟಿಸಿದ ಸಕ್ಕರೆ. ಸೋಮವಾರ ಅದರ ವಯಲ್, ಇಂಥ ಡೋಸು ಸಿದ್ಧಪಡಿಸುವ ನಮ್ಮ ಹಾಟ್ ಲ್ಯಾಬ್ ಸೇರುವಾಗ 8 ಗಂಟೆ. ಔಟರ್ ರಿಂಗ್ ರೋಡ್‌ನಲ್ಲಿ ಗಾಡಿ ಸಿಕ್ಕಿಹಾಕಿಕೊಂಡಿತ್ತು. ಆಗಲೇ ತಡವಾಗಿದೆ ಎಂದು 8:10ಕ್ಕೆ ಮೊದಲ ಪೇಷೆಂಟ್‌ಗೆ 8 ಮಿಲಿಕ್ಯೂರಿಯಷ್ಟು ವಿಕಿರಣಶೀಲತೆಯ ಡೋಸು ಸಿರಿಂಜ್‌ಗೆ ಡ್ರಾ ಮಾಡಿಬಿಟ್ಟೆವು. ಶುಗರ್ ನೋಡಿದ್ದು ಆಮೇಲೆ: 238. ಇನ್ನೂರರ ಕೆಳಗೆ ಇಳಿಯುವವರೆಗೆ ಕಾಯಲೇಬೇಕು.

‘ಸರ್, ಇದನ್ನ ಕೋಲ್ಡ್ ಕಿಟ್ ಫ್ರಿಜ್‌ನಲ್ಲಿ ಇಟ್ಟಿರ್ಲಾ?’ ಎಂದು ಹೊಸ ಟೆಕ್ನಿಷಿಯನ್ ಹುಡುಗ ಕೇಳಿದ. ಕೋಲ್ಡ್ ಕಿಟ್ ಎಂದರೆ ಇನ್ನೂ ವಿಕಿರಣ ಬೆರೆಸದ ಔಷಧದ ಪುಡಿ. ಜಾಗಕ್ಕಾಗಿ ಕೇಳುತ್ತಿದ್ದಾನೆ ಅಂದುಕೊಂಡು ‘ಇಡಪ್ಪ’ ಅಂದೆ. ಅವನು ಕೇಳಿದ್ದು ಜಾಗಕ್ಕಲ್ಲ, ಕೆಡದಿರಲಿ ಎಂದು. ತಪ್ಪು ಅಲ್ಲೇ ಆಯಿತು, ಅದು ನನ್ನದು.

9:50ಕ್ಕೆ ಶುಗರ್ 176ಕ್ಕೆ ಬಂತು. ಶೀಟ್‌ನಲ್ಲಿ 8 ಎಂದೇ ಬರೆದಿತ್ತು. ಚುಚ್ಚುವ ಮುನ್ನ ಸಿರಿಂಜನ್ನು ವಿಕಿರಣ ಅಳೆಯುವ ಡೋಸ್ ಕ್ಯಾಲಿಬ್ರೇಟರ್‌ಗೆ ಇಳಿಸಿದಾಗ ಬಂದ ಓದು 4.26. ಹುಡುಗನ ಮುಖ ಬಿಳಿಚಿತು. ಸೋರಿದೆಯಾ? ಮಷೀನ್ ಕೆಟ್ಟಿದೆಯಾ? ಸೀಸಿಯಂ ಚೆಕ್ ಸೋರ್ಸ್ ಇಟ್ಟು ನೋಡಿದೆವು, ಬೆಳಿಗ್ಗೆ ಇದ್ದಷ್ಟೇ ಇತ್ತು. ಸೀಸಿಯಂ-137ರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ, ಸುಮಾರು 30 ವರ್ಷ, ಎರಡು ಗಂಟೆಯಲ್ಲಿ ಅದು ಕದಲುವುದಿಲ್ಲ. ಮಷೀನ್ ಸರಿಯಿದೆ. ಸಿರಿಂಜ್‌ನಲ್ಲಿ ಇರಬೇಕಾದ್ದೂ ಅಷ್ಟೇ ಇದೆ. ಫ್ಲೋರಿನ್-18ರ ಅರ್ಧಾಯು 110 ನಿಮಿಷ, ಕಳೆದದ್ದು 100 ನಿಮಿಷ:

```
8 × 0.5^(100/110) = 4.26
```

ಫ್ರಿಜ್ ಒಂದು ಪರಮಾಣುವನ್ನೂ ಉಳಿಸಿರಲಿಲ್ಲ.

ಹುಡುಗನ ತರ್ಕ ಮಾತ್ರ ದಡ್ಡತನದ್ದಲ್ಲ. ಕೋಲ್ಡ್ ಕಿಟ್‌ಗಳು ಫ್ರಿಜ್‌ನಲ್ಲಿರುವುದು ಕೆಡದಿರಲಿ ಎಂದೇ. ದೋಸೆ ಹಿಟ್ಟು ಹೊರಗಿಟ್ಟರೆ ರಾತ್ರಿಗೇ ಹುಳಿ ಬರುತ್ತದೆ, ಫ್ರಿಜ್‌ನಲ್ಲಿಟ್ಟರೆ ಮೂರು ದಿನ ತಡೆಯುತ್ತದೆ. ರಾಸಾಯನಿಕ ಕ್ರಿಯೆ ನಡೆಯಬೇಕಾದರೆ ಅಣುಗಳು ಒಂದಕ್ಕೊಂದು ಬಡಿಯಬೇಕು, ಬಡಿದಾಗ ಹಳೆಯ ಬಂಧ ಬಿಡಿಸುವಷ್ಟು ಶಕ್ತಿ ಇರಬೇಕು. ಸಾಮಾನ್ಯವಾಗಿ ಅದಕ್ಕೆ ಬೇಕಾದ್ದು ಅರ್ಧ ಎಲೆಕ್ಟ್ರಾನ್ ವೋಲ್ಟ್, ಒಂದು ಎಲೆಕ್ಟ್ರಾನ್ ವೋಲ್ಟ್, ಅಷ್ಟರಲ್ಲಿ. ಕೋಣೆಯ ಬಿಸಿ ಒಂದು ಅಣುವಿಗೆ ಕೊಡುವುದು ಸರಾಸರಿ 0.025ರ ಆಸುಪಾಸು. ಸರಾಸರಿಗಿಂತ ಬಹಳ ಜೋರಾಗಿ ಓಡುವ ಕೆಲವೇ ಅಣುಗಳು ಆ ಗೋಡೆ ದಾಟುತ್ತವೆ, ಸ್ವಲ್ಪ ತಂಪಾದರೂ ಆ ಕೆಲವು ಇನ್ನೂ ಕಡಿಮೆಯಾಗುತ್ತವೆ. ಫ್ರಿಜ್ ಮಾಡುವ ಕೆಲಸ ಅಷ್ಟೇ.

ಫ್ಲೋರಿನ್-18ರಲ್ಲಿ ಬದಲಾಗುವುದು ಪರಮಾಣುವಿನ ಒಳಗಿರುವ ನ್ಯೂಕ್ಲಿಯಸ್. ಅದರ 9 ಪ್ರೋಟಾನ್‌ಗಳಲ್ಲಿ ಒಂದು ನ್ಯೂಟ್ರಾನ್ ಆಗುತ್ತದೆ, ಧನ ವಿದ್ಯುತ್ತಿನ ಎಲೆಕ್ಟ್ರಾನ್‌ನಂಥ ಒಂದು ಪಾಸಿಟ್ರಾನ್ ಹೊರಗೆ ಹಾರುತ್ತದೆ. ಯಾರೂ ಬಂದು ಬಡಿಯಬೇಕಿಲ್ಲ, ಬಿಸಿಯೂ ಬೇಡ. ಅಲ್ಲಿನ ವ್ಯವಹಾರವೆಲ್ಲ ಲಕ್ಷಗಟ್ಟಲೆ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ನಡೆಯುವುದರಿಂದ ಫ್ರಿಜ್ ಕಡಿಮೆ ಮಾಡುವ ಒಂದೆರಡು ಸಾವಿರಾಂಶದ ಲೆಕ್ಕ ಅದಕ್ಕೆ ತಾಗುವುದೇ ಇಲ್ಲ.

ಪರಮಾಣುವಿಗೆ ವಯಸ್ಸೂ ಆಗುವುದಿಲ್ಲ. ಈಗಷ್ಟೇ ತಯಾರಾದ ಫ್ಲೋರಿನ್-18ಕ್ಕೂ ಮೂರು ಗಂಟೆಯಿಂದ ಉಳಿದುಕೊಂಡು ಬಂದದ್ದಕ್ಕೂ ಮುಂದಿನ 110 ನಿಮಿಷದಲ್ಲಿ ಕ್ಷಯಿಸುವ ಸಾಧ್ಯತೆ ಅರ್ಧಕ್ಕರ್ಧ. ಯಾವುದು ಹೋಗುತ್ತದೆ ಎಂದು ಹೇಳಲಾಗದು. ಆದರೆ 8 ಮಿಲಿಕ್ಯೂರಿ ಎಂದರೆ ಸುಮಾರು 2.8 ಲಕ್ಷ ಕೋಟಿ ಪರಮಾಣು. ಅಷ್ಟು ದೊಡ್ಡ ಗುಂಪಿನಲ್ಲಿ ಅರ್ಧ ಎಂದರೆ ಕರಾರುವಾಕ್ಕಾಗಿ ಅರ್ಧವೇ. ಹಾಗಾಗಿ 110 ನಿಮಿಷಕ್ಕೆ 4, 220 ನಿಮಿಷಕ್ಕೆ 2. ಸೊನ್ನೆ ಅಲ್ಲ. ಮಾತ್ರೆಗಳಿಗೂ ಹಾಫ್‌ಲೈಫ್ ಹೇಳುತ್ತಾರೆ, ಆದರೆ ಅದು ಲಿವರ್, ಕಿಡ್ನಿ ನೋಡಿಕೊಂಡು ಏರಿಳಿಯುತ್ತದೆ. ಇದು ಸಕ್ಕರೆಗೆ ಅಂಟಿಕೊಂಡಿದ್ದರೂ ನೀರಿನಲ್ಲಿದ್ದರೂ ಮೈಯೊಳಗಿದ್ದರೂ ಅದೇ 110 ನಿಮಿಷ.

ಶಕ್ತಿಯ ಅಂತರಕ್ಕೂ ಕಾರಣ ಒಳಗೇ ಇದೆ. ರಾಸಾಯನಿಕ ಕ್ರಿಯೆಯಲ್ಲಿ ಜಾಗ ಬದಲಿಸುವುದು ಹೊರಗಿನ ಎಲೆಕ್ಟ್ರಾನ್‌ಗಳು. ಅಲ್ಲಿನ ಅಂತರ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು. ಅಷ್ಟು ದೂರದಲ್ಲಿ ಎರಡು ವಿದ್ಯುತ್ ಕಣಗಳ ನಡುವಿನ ಶಕ್ತಿ ಸುಮಾರು 14 ಎಲೆಕ್ಟ್ರಾನ್ ವೋಲ್ಟ್. ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್‌ಗಳು ಅದಕ್ಕಿಂತ ಲಕ್ಷ ಪಟ್ಟು ಹತ್ತಿರ ಕುಳಿತಿವೆ, ಹಾಗಾಗಿ ಅವು ಒಂದನ್ನೊಂದು ತಳ್ಳುವ ಶಕ್ತಿಯೂ ಲಕ್ಷ ಪಟ್ಟು, ಅಂದರೆ ಸುಮಾರು 14 ಲಕ್ಷ. ಈ ತಳ್ಳಾಟವನ್ನು ಮೀರಿ ಅವನ್ನು ಕಟ್ಟಿಹಿಡಿಯುವ ಬೈಜಿಕ ಬಲ ಇನ್ನೂ ದೊಡ್ಡದಿರಲೇಬೇಕು. ಇಂಥ ಕಡೆ ಸ್ವಲ್ಪ ಮರುಜೋಡಣೆಯಾದರೂ ಹೊರಬರುವುದು ಲಕ್ಷಗಳ ಲೆಕ್ಕದಲ್ಲೇ.

ನಮ್ಮ ಸಿರಿಂಜನ್ನೇ ನೋಡಿ. ಒಂದು ಫ್ಲೋರಿನ್-18 ಕ್ಷಯಿಸಿದಾಗ ಪಾಸಿಟ್ರಾನ್ ಸರಾಸರಿ ಎರಡೂವರೆ ಲಕ್ಷ ಎಲೆಕ್ಟ್ರಾನ್ ವೋಲ್ಟ್ ಹೊತ್ತು ಹೊರಡುತ್ತದೆ. ಕೊನೆಗೆ ಒಂದು ಎಲೆಕ್ಟ್ರಾನ್ ಸಿಕ್ಕಿ ಎರಡೂ ಅಳಿದು, ತಲಾ 5.11 ಲಕ್ಷದ ಎರಡು ಗಾಮಾ ಫೋಟಾನ್‌ಗಳು ಎದುರುಬದುರಾಗಿ ಹೊರಡುತ್ತವೆ. ಸ್ಕ್ಯಾನರ್ ಹಿಡಿಯುವುದು ಆ ಜೋಡಿಯನ್ನು. ಒಂದು ಇಂಗಾಲದ ಪರಮಾಣು ಉರಿದರೆ ಸಿಗುವುದು ಸುಮಾರು 4 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಕೈಗಾದಲ್ಲಿ ಒಡೆಯುವ ಯುರೇನಿಯಂ-235ರ ಒಂದು ನ್ಯೂಕ್ಲಿಯಸ್ ಸುಮಾರು 20 ಕೋಟಿ ಕೊಡುತ್ತದೆ. ಯುರೇನಿಯಂ ಪರಮಾಣು ಭಾರವಾದ್ದರಿಂದ ತೂಕಕ್ಕೆ ತೂಕ ಹೋಲಿಸಿದರೆ ಅಂತರ ಸ್ವಲ್ಪ ತಗ್ಗುತ್ತದೆ. ಆದರೂ 1 ಗ್ರಾಂ ಪೂರ್ತಿ ಒಡೆದರೆ ಎರಡೂವರೆ ಟನ್ ಶುದ್ಧ ಇಂಗಾಲ ಉರಿಸಿದಷ್ಟು ಶಾಖ.

ಈ ಎರಡು ಲೋಕಗಳು ವಯಲ್ ಒಳಗೇ ಡಿಕ್ಕಿ ಹೊಡೆಯುವುದೂ ಉಂಟು. ಒಂದು ಪಾಸಿಟ್ರಾನ್ ದಾರಿಯಲ್ಲಿ ಸಾವಿರಾರು ಅಣುಗಳನ್ನು ಕೆಡಿಸಬಲ್ಲದು. ಗಾಢವಾದ ಎಫ್‌ಡಿಜಿಯಲ್ಲಿ ಇದರಿಂದ ಫ್ಲೋರಿನ್ ಸಕ್ಕರೆಯಿಂದ ಕಳಚಿ ಬಿಡಿ ಫ್ಲೋರೈಡ್ ಆಗುತ್ತದೆ. ಅದನ್ನು ತಡೆಯಲು ತಯಾರಕರು ಚೂರು ಎಥನಾಲ್ ಸೇರಿಸುತ್ತಾರೆ. ಬಿಡಿ ಫ್ಲೋರೈಡ್ ಜಾಸ್ತಿಯಾದರೆ ಸ್ಕ್ಯಾನ್‌ನಲ್ಲಿ ಕಾರಣವಿಲ್ಲದೆ ಅಸ್ಥಿಪಂಜರ ಎದ್ದು ಕಾಣುತ್ತದೆ. ಆಗ ಪೇಷೆಂಟನ್ನು ಅನುಮಾನಿಸುವ ಮೊದಲು ಆ ಬ್ಯಾಚನ್ನು ಅನುಮಾನಿಸಬೇಕು.

ಆ ದಿನ ನಿಜವಾಗಿ ಹೆದರಿಸಿದ್ದು ಡೋಸು ಕಡಿಮೆಯಾದದ್ದಲ್ಲ. 4.26 ಚುಚ್ಚಿ ಶೀಟ್‌ನಲ್ಲಿ 9:50ಕ್ಕೆ 8 ಎಂದೇ ಹಾಕಿದ್ದರೆ? ಗಂಟು ಎಷ್ಟು ಎಫ್‌ಡಿಜಿ ಹೀರಿದೆ ಎಂದು ಹೇಳುವ ಎಸ್‌ಯುವಿ ಲೆಕ್ಕದಲ್ಲಿ ಡೋಸು ಛೇದದಲ್ಲಿರುತ್ತದೆ. ನಿಜವಾಗಿ 10 ಇರುವ ಗಂಟು 5.3 ಎಂದು ತೋರುತ್ತಿತ್ತು. ಕೀಮೋ ನಡೆಯುತ್ತಿರುವವರಲ್ಲಿ ಅದನ್ನು ನೋಡಿ ‘ಔಷಧ ಹಿಡಿದಿದೆ’ ಎಂದು ಬರೆದುಬಿಡಬಹುದು. ಅಳತೆ ಮಾಡಿದ ಸಮಯ, ಚುಚ್ಚಿದ ಸಮಯ, ಸಿರಿಂಜ್‌ನಲ್ಲಿ ಉಳಿದ ರೆಸಿಡ್ಯೂ, ಮೂರೂ ಒಂದೇ ಗಡಿಯಾರ ನೋಡಿ ಬರೆಯಬೇಕು. ನಮ್ಮ ಹಾಟ್ ಲ್ಯಾಬ್ ಗೋಡೆ ಗಡಿಯಾರಕ್ಕೂ ಸ್ಕ್ಯಾನರ್ ಕನ್ಸೋಲ್‌ಗೂ 6 ನಿಮಿಷ ವ್ಯತ್ಯಾಸ ಇದೆ ಎಂದು ಎಷ್ಟೋ ತಿಂಗಳಿಂದ ಹೇಳುತ್ತಿದ್ದೆವು. 6 ನಿಮಿಷ ಎಂದರೆ ಶೇಕಡಾ 4ರಷ್ಟು ತಪ್ಪು. ಅದನ್ನು ಸರಿ ಮಾಡಿಸಿದ್ದು ಆ ವಾರ.

ಆ ಪೇಷೆಂಟ್‌ಗೆ 4.26ನ್ನೇ ಕೊಟ್ಟು, ಪ್ರತಿ ಬೆಡ್‌ಗೆ, ಅಂದರೆ ಸ್ಕ್ಯಾನರ್ ಒಂದು ಸಲಕ್ಕೆ ನೋಡುವ ಮೈಯ ಭಾಗಕ್ಕೆ, 2 ನಿಮಿಷದ ಬದಲು 4 ನಿಮಿಷ ಇಟ್ಟೆವು. ಚಿತ್ರ ಚೆನ್ನಾಗಿಯೇ ಬಂತು. ಈಗ ಶುಗರ್ ಮೊದಲು, ಡ್ರಾ ಆಮೇಲೆ, ಚುಚ್ಚುವ ನಿಮಿಷದಲ್ಲಿ ಮತ್ತೊಮ್ಮೆ ಕ್ಯಾಲಿಬ್ರೇಟರ್.

ಮಾರನೇ ದಿನ ಖಾಲಿ ವಯಲ್ ತೆಗೆಯುವಾಗ ಹುಡುಗ ಕೇಳಿದ, ‘ಸರ್, ಫ್ಲೋರಿನ್ ಎಲ್ಲಿ ಹೋಯ್ತು?’ ಇಪ್ಪತ್ತನಾಲ್ಕು ಗಂಟೆ ಎಂದರೆ 13 ಅರ್ಧಾಯು, ಉಳಿದಿರುವುದು ಎಂಟು ಸಾವಿರದಲ್ಲೊಂದು ಪಾಲು. ಮಿಕ್ಕಿದ್ದೆಲ್ಲ ಆಕ್ಸಿಜನ್-18 ಆಗಿದೆ. ಸೈಕ್ಲೋಟ್ರಾನ್‌ನಲ್ಲಿ ಆಕ್ಸಿಜನ್-18 ಇರುವ ನೀರಿಗೆ ಪ್ರೋಟಾನ್ ಹೊಡೆದು ಫ್ಲೋರಿನ್ ಮಾಡಿದ್ದರು, ಅದು ಮತ್ತೆ ಆಕ್ಸಿಜನ್ನೇ ಆಯಿತು. ಹಾಗೆ ಬದಲಾದ ಎಫ್‌ಡಿಜಿ ಅಣು ಒಂದು ಹೈಡ್ರೋಜನ್ ಹಿಡಿದುಕೊಂಡು ಗ್ಲೂಕೋಸ್ ಆಗುತ್ತದೆ. ಒಲೆಯ ಮೇಲೆ ಎಷ್ಟು ಕುದಿಸಿದರೂ ಫ್ಲೋರಿನ್ ಆಕ್ಸಿಜನ್ ಆಗುವುದಿಲ್ಲ. ಹುಡುಗ ಸರ್ವೆ ಮೀಟರ್ ಹಿಡಿದು ನೋಡಿದ, ಹೊರಗಿನ ಬ್ಯಾಕ್‌ಗ್ರೌಂಡ್‌ನಷ್ಟೇ ಇತ್ತು. ಲಾಗ್‌ಬುಕ್‌ನಲ್ಲಿ ಬರೆದು ವಯಲನ್ನು ಸಾಮಾನ್ಯ ಕಸಕ್ಕೆ ಹಾಕುವ ಮೊದಲು, ಅದರ ಮೇಲಿದ್ದ ಹಳದಿ ಸ್ಟಿಕ್ಕರ್ ಕಿತ್ತ.